ಹಗೇವಿನ ಗಾಳಿ

ಅಥವಾ ಆ ಮಾತುಕತೆ ಅಡ್ಯಾರಿನ ಮೇಷ್ಟರ ಮನೆಯ ಜಗಲಿಯಲ್ಲಿ ನಡೆದದ್ದೇ ಅಲ್ಲವೇನೋ. ನೆನಪು ತನಗೆ ಬೇಕಾದ ಕಡೆ ಕುರ್ಚಿ ಹಾಕಿಕೊಂಡು ಕೂರುತ್ತದೆ. ಕೃಷಿ ಎಂ.ಎಸ್ಸಿ. ಅರ್ಜಿಯ ಜೊತೆ ಕೊಡಬೇಕಾದ, ಏನನ್ನು ಸಂಶೋಧಿಸುತ್ತೇನೆ ಎಂಬ ಹೇಳಿಕೆಯನ್ನು ರಸಾಯನಶಾಸ್ತ್ರದ ಮೇಷ್ಟರಿಗೆ ತೋರಿಸಿದ್ದೆ. ನಮ್ಮ ಮನೆಯಲ್ಲಿ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತೇವೆ, ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೆ.

“ಇದು ಮನೆತನದ ಜಂಬ ಆಯ್ತಪ್ಪಾ, ಪ್ರಶ್ನೆ ಎಲ್ಲಿ?” ಎಂದರು. “ಕಾಳು, ಹುಳ ಎರಡೂ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸ್ತವೆ. ರಾಗಿ ಎಷ್ಟು ತೇವ ಇದ್ರೆ, ಎಷ್ಟು ದಿನಕ್ಕೆ ಹುಳ ಸಾಯತ್ತೆ? ಅದನ್ನ ಕೇಳು.”

ಬರೆದುಕೊಳ್ಳುತ್ತಿದ್ದ ಕೈ ನಿಂತಿತು. “ಬಾಯಿ ತೆಗೆದ ತಕ್ಷಣ ಮನುಷ್ಯ ಇಳಿದ್ರೆ, ಸಾರ್?”

“ಅವನಿಗೂ ಅದೇ ಗಾಳಿ ತಾನೇ?”

ಹಗೇವಿಗೆ ಇಳಿದ ನನ್ನ ಚಿಕ್ಕಪ್ಪ ಹೆಣವಾಗಿ ಮೇಲೆ ಬಂದಿದ್ದ. ದೆವ್ವ ಹೊಡೆಯಿತು ಎಂದಿದ್ದರು ಮನೆಯವರು. ಆ ಕ್ಷಣದವರೆಗೂ ನಾನು ಅದನ್ನೇ ನಂಬಿದ್ದೆ.

ಹೇಳಿಕೆಯಲ್ಲಿ ಹುಳದ ಪ್ರಶ್ನೆಯನ್ನೇ ಬರೆದೆ, ಸೀಟು ಸಿಕ್ಕಿತು. ಹಗೇವು ತೆಗೆದಾಗ ಮೊದಲು ಲಾಟೀನು ಇಳಿಸುವುದು ನಮ್ಮಲ್ಲಿ ಪದ್ಧತಿ. ಅದು ಆರಿದರೆ ದೆವ್ವ ಒಳಗಿದೆ, ಯಾರೂ ಇಳಿಯಬಾರದು. ಚಿಕ್ಕಪ್ಪ ಇಳಿದ ದಿನ ಹಗೇವಿನ ಬಾಯಿ ತೆಗೆದ ಅಪ್ಪ ಮೊದಲು ಲಾಟೀನು ಇಳಿಸಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.