ಗೆರೆಯಲ್ಲಿದ್ದ ಮೆಟ್ಟಿಲು

ನಮ್ಮ ಪರೀಕ್ಷಾಲಯದಲ್ಲಿ ಅವರಿಗೆ ಗೆರೆಯಕ್ಕ ಅಂತಲೇ ಹೆಸರು. ಉಕ್ಕಿನ ತುಂಡನ್ನು ಎರಡೂ ತುದಿಯಲ್ಲಿ ಕಚ್ಚಿ ಹಿಡಿದು, ತುಂಡಾಗುವವರೆಗೂ ಎಳೆಯುವ ಯಂತ್ರ ನಮ್ಮದು. ಎಷ್ಟು ಬಲಕ್ಕೆ ಎಷ್ಟು ಹಿಗ್ಗಿತು ಎಂದು ಅದು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಇಪ್ಪತ್ತೆರಡು ವರ್ಷದಿಂದ ಆ ಗೆರೆ ಓದಿ ಸಹಿ ಹಾಕುವವರು ಗೆರೆಯಕ್ಕ. ವರದಿ ಟೈಪ್ ಮಾಡುವವಳು ನಾನು. ಅವರ ಬಾಯಿಗೆ ಹೆದರದವರು ನಮ್ಮಲ್ಲಿಲ್ಲ. "ಗಟ್ಟಿ ಇದ್ರೆ ಸಾಕಾ? ಗಾಜೂ ಗಟ್ಟೀನೇ. ಮುರಿಯೋಕೆ ಮುಂಚೆ ಎಷ್ಟು ಹಿಗ್ಗತ್ತೆ ನೋಡ್ಬೇಕು ಕಣೆ" ಎಂದು ನನಗೆ ನೂರು ಸಲ ಹೇಳಿದ್ದಾರೆ.

ಅಂದು ಬೆಳಿಗ್ಗೆ ಒಬ್ಬ ಫಿಟ್ಟರ್ ಬಂದು, ಬಟ್ಟೆಯಲ್ಲಿ ಸುತ್ತಿದ್ದ ಮುರಿದ ಬೋಲ್ಟನ್ನು ಅವರ ಮೇಜಿನ ಮೇಲಿಟ್ಟ. ಗೋದಾಮೊಂದರ ಸರಕಿನ ಲಿಫ್ಟಿಗೆ ಬೋಲ್ಟು ಬಿಗಿದವನು ಅವನೇ. ಒಂದು ಮುರಿದು, ಚೌಕಟ್ಟು ಜಾರಿ, ಅವನ ಭಾವಮೈದುನನ ಕಾಲು ಮುರಿದಿತ್ತು.

"ನಾನು ಅತಿಯಾಗಿ ಬಿಗಿದೆ ಅಂತ ಕೆಲಸದಿಂದ ನಿಲ್ಸಿದ್ದಾರೆ ಮೇಡಂ. ಉಕ್ಕು ಸರಿಯಾಗಿದೆ ಅಂತ ನಿಮ್ಮ ಕಾಗದಾನೇ ತೋರಿಸ್ತಾರೆ. ನಾನು ಬಿಗಿದಿದ್ದು ಅಳತೆಯ ಸ್ಪ್ಯಾನರಲ್ಲಿ, ಕೈ ಅಂದಾಜಲ್ಲಲ್ಲ."

ಅಕ್ಕ ಬೋಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುರಿದ ಮುಖ ಸಪಾಟಾಗಿ, ಹರಳು ಹರಳಾಗಿ ಹೊಳೆಯುತ್ತಿತ್ತು. ಅವರು ಕಡತದಿಂದ ಆ ಬೋಲ್ಟುಗಳ ಗೆರೆ ತೆಗೆದರು.

ನನಗೆ ಆ ಕಾಗದ ಚೆನ್ನಾಗಿ ನೆನಪಿತ್ತು. ತಿಂಗಳ ಹಿಂದೆ, "ಅಕ್ಕಾ, ಬೋಲ್ಟಿನವರ ಗಾಡಿ ಗೇಟಲ್ಲಿ ನಿಂತಿದೆ, ಬೇಗ ಅಂಕಿ ಹೇಳಿ" ಎಂದು ಪೀಡಿಸಿದವಳು ನಾನೇ. ಅಕ್ಕ ನಿಂತುಕೊಂಡೇ ಓದಿದ್ದರು. ಗೆರೆ ನೇರವಾಗಿ ಏರಿ, ಬಲ ಆರುನೂರ ಅರವತ್ತು ಮುಟ್ಟಿದ ಕಡೆ ಮೆಟ್ಟಿಲಿನಂತೆ ಅಡ್ಡ ಹೋಗಿ, ಮತ್ತೆ ಏರಿ, ಸಾವಿರದ ನೂರರಲ್ಲಿ ತಟ್ಟನೆ ನಿಂತಿತ್ತು. ಮೆಟ್ಟಿಲೇ ಉಕ್ಕು ಮಣಿದ ಜಾಗ ಎಂದರು. ಕನಿಷ್ಠ ಬೇಕಿದ್ದದ್ದು ಆರುನೂರ ನಲವತ್ತು. ತುತ್ತತುದಿ ಅದರ ಗರಿಷ್ಠ ಬಲ, ಬೇಕಿದ್ದದ್ದು ಎಂಟುನೂರು. ಗೆರೆ ಅಡ್ಡಕ್ಕೆ ಓಡಿದ ಉದ್ದ ನೋಡಿ, ಶೇಕಡಾ ಹದಿನೈದು ಹಿಗ್ಗಿದೆ ಎಂದರು, ಹನ್ನೆರಡಿದ್ದರೆ ಸಾಕಿತ್ತು. ನಾನು ಟೈಪ್ ಮಾಡಿದೆ.

ಈಗ ಅವರು ಮೆಟ್ಟಿಲಿನ ಹಿಂದೆ, ಮುಂದೆ ಸ್ಕೇಲ್ ಇಟ್ಟರು. ಎರಡು ಕಡೆಯೂ ಒಂದೇ ಏರು.

"ಮಣಿದ ಉಕ್ಕು ಮತ್ತೆ ಇಷ್ಟು ಕಡಿದಾಗಿ ಏರಲ್ಲ. ಇದು ಉಕ್ಕು ಮಣಿದಿದ್ದಲ್ಲ ಕಣೆ. ತುಂಡು ಯಂತ್ರದ ಹಿಡಿತದಿಂದ ಜಾರಿದ್ದು."

ಜಾರಿದ ಭಾಗ ಬಿಟ್ಟು ಗೆರೆಯನ್ನು ಜೋಡಿಸಿ ಬರೆದರು. ಮಣಿದ ಜಾಗ ಹುಡುಕುವ ರೂಢಿಯಂತೆ, ಹಿಗ್ಗು ಶೇಕಡಾ ಸೊನ್ನೆ ಬಿಂದು ಎರಡಿರುವ ಕಡೆಯಿಂದ ಏರಿಗೆ ಸಮಾನಾಂತರವಾಗಿ ಗೆರೆ ಎಳೆದಾಗ ಅದು ಮುಟ್ಟಿದ್ದು ಒಂಬೈನೂರ ಎಂಬತ್ತನ್ನು. ನಿಜವಾಗಿ ಮಣಿದದ್ದು ಅಲ್ಲಿ. ಬೀರುವಿನಿಂದ ಆ ಪರೀಕ್ಷೆಯ ಎರಡು ತುಂಡು ತೆಗೆದು ಮುರಿದ ಮುಖಕ್ಕೆ ಮುಖ ಕೂಡಿಸಿದರು. ಎಳೆಯುವ ಮುನ್ನ ಐವತ್ತು ಮಿಲಿಮೀಟರ್ ಇದ್ದ ಗುರುತುಗಳ ಅಂತರ ಐವತ್ತೆರಡೂವರೆ ಆಗಿತ್ತು, ಅಷ್ಟೇ. ಹಿಗ್ಗಿ ಮುರಿಯುವ ಉಕ್ಕು ನಡುವೆ ಸಣಕಲಾಗುತ್ತದೆ; ಇದು ಎಲ್ಲೂ ಆಗಿರಲಿಲ್ಲ. ಗೆರೆಯ ಕೆಳಗಿನ ಚೌಕಗಳನ್ನು ಎಣಿಸಿದರು; ಮುರಿಯುವ ಮುನ್ನ ಉಕ್ಕು ಎಷ್ಟು ಪೆಟ್ಟು ನುಂಗಬಲ್ಲದು ಎಂಬುದರ ಲೆಕ್ಕ ಅದು. ಮೊದಲಿನ ಲೆಕ್ಕದ ಅರ್ಧವೂ ಉಳಿದಿರಲಿಲ್ಲ.

"ಹಿಗ್ಗಿದ್ದು ಐದು. ನಾನು ಬರೆದಿದ್ದು ಹದಿನೈದು. ಕಾಯಿಸಿ ತಣಿಸಿದ ಮೇಲೆ ಹದಕ್ಕೆ ಅಂತ ಇನ್ನೊಂದು ಸಲ ಕಾಯಿಸಿಲ್ಲ ಇದನ್ನ. ಅದಕ್ಕೇ ಗಾಜಿನ ಹಾಗೆ ಮುರಿದಿದೆ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಅವತ್ತು ಯಾಕೆ ಜೋಡಿಸಿ ಅಳೀಲಿಲ್ಲ ನಾನು?"

ಅವರು ಯಾರ ಹೆಸರನ್ನೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ತಲೆ ತಗ್ಗಿಸಿದೆ. ಅಷ್ಟಾದರೂ ಬುದ್ಧಿ ಬರಲಿಲ್ಲ ನನಗೆ. ಫಿಟ್ಟರ್ ಬಾಗಿಲ ಬಳಿ ಕೂತಿದ್ದ. ಅವನಿಗೆ ಕೇಳದಂತೆ, "ಅಕ್ಕಾ, ನಾವಿಬ್ಬರು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ. ಗೊತ್ತಾದ್ರೆ ನಿಮ್ಮ ಸಹಿ ಹಾಕೋ ಅಧಿಕಾರ ಹೋಗುತ್ತೆ" ಎಂದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳಿದ್ದು ನಿಜ.

ಅಕ್ಕ ನನ್ನನ್ನು ನೋಡಿದ ನೋಟ ಬೈಗುಳಕ್ಕಿಂತ ಕಷ್ಟವಾಯಿತು. "ಉಳಿದ ಬೋಲ್ಟುಗಳ ಕೆಳಗೆ ಈಗ ಯಾರು ನಿಂತಿದ್ದಾರೋ ನಿಂಗೆ ಗೊತ್ತಾ?" ಎಂದವರೇ ಫೋನ್ ಎತ್ತಿ ಗೋದಾಮಿನವರಿಗೆ, "ಲಿಫ್ಟ್ ನಿಲ್ಲಿಸಿ. ವರದಿ ತಪ್ಪು, ತಪ್ಪು ನನ್ನದು" ಎಂದರು. ಹೊಸ ವರದಿ ಹೇಳಿ ಬರೆಸಿ, ಸಹಿ ಹಾಕಿ, ಫಿಟ್ಟರನ ಕೈಗೆ ಕೊಟ್ಟರು.

ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಅಂದ್ರೆ ನನ್ನ ಕೈ ತಪ್ಪಿರಲಿಲ್ಲ?"

"ಇಲ್ಲಪ್ಪ. ನನ್ನ ಕಣ್ಣು ತಪ್ಪಿತ್ತು. ಕ್ಷಮಿಸು."

ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. "ಆಸ್ಪತ್ರೇಲಿ ಮಲಗಿರೋನು ನನ್ನ ಹೆಂಡ್ತಿ ತಮ್ಮ. 'ನನ್ನ ತಮ್ಮನ ಕಾಲು ಮುರಿದೋನು ನೀನೇ' ಅಂತ ಹನ್ನೊಂದು ದಿನದಿಂದ ಅವಳು ನನ್ನ ಹತ್ರ ಮಾತಾಡಿಲ್ಲ. ಕಾಗದ ಆಫೀಸಿಗೆ ಸಾಕು ಮೇಡಂ. ಮನೆಗೆ ನೀವೇ ಬಂದು ಹೇಳ್ಬೇಕು."

ಅಕ್ಕ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ ಎದ್ದರು. ಬಾಗಿಲವರೆಗೂ ಹೋದವರು ಚೌಕಟ್ಟು ಹಿಡಿದು ನಿಂತುಬಿಟ್ಟರು. ಅವರಿಗೆ ಹೆದರಿಕೆಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಕ್ಕಾ, ಅವಸರ ಮಾಡಿದ್ದು ನಾನು ಅಂತ ನಾನೂ ಹೇಳ್ತೀನಿ" ಎಂದು ಚಪ್ಪಲಿ ಮೆಟ್ಟಿದೆ.