ಬೋರಲು ಇಟ್ಟ ಫೋನು

ಆ ಸ್ಟೀಲ್ ಟ್ರೇ ನನಗೆ ಚೆನ್ನಾಗಿ ನೆನಪಿದೆ. ಒಂದು ಮೂಲೆ ತಗ್ಗಾಗಿತ್ತು. ಮೊದಲು ಇಂಜೆಕ್ಷನ್ ಇಡುತ್ತಿದ್ದ ಟ್ರೇ ಅದು, ಆಮೇಲೆ ನರ್ಸ್‌ಗಳ ಫೋನಿಗೆ ಬಂತು. ಇಷ್ಟು ಖಚಿತವಾಗಿ ಹೇಳಬಲ್ಲೆ. ಅದರಲ್ಲಿ ಆ ಬುಧವಾರ ಬೆಳಿಗ್ಗೆ ಒಂದು ಫೋನು ಹೇಗೆ ಬಿದ್ದಿತ್ತು, ಅಂಗಾತವೋ ಬೋರಲೋ ಎಂಬುದನ್ನು ಮಾತ್ರ ಹೇಳಲಾರೆ. ಈ ಬರಹವೆಲ್ಲ ಅದರ ಸುತ್ತಲೇ ಇದೆ.

ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿ, ಎಲ್ಲವನ್ನೂ ಅನುಮಾನಿಸಬೇಕೆಂದು ಕಲಿತು, ಕೊನೆಗೆ ನಾನು ಸೇರಿದ್ದು ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯ ಪ್ರಚಾರದ ಕೆಲಸಕ್ಕೆ. ಆಸ್ಪತ್ರೆಯ ಮುಖ್ಯ ಕಚೇರಿ ಬೇರೆ ಊರಿನಲ್ಲಿತ್ತು. ಒಂದು ದಿನ ಅಲ್ಲಿಂದ ಹೊಸ ಆ್ಯಪ್ ಬಂತು. ಸಿಬ್ಬಂದಿಯೆಲ್ಲ ಅದನ್ನು ತಮ್ಮ ಫೋನಿನಲ್ಲಿ ಹಾಕಿಕೊಳ್ಳಬೇಕು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅದರಲ್ಲಿ ಸಿದ್ಧ ಚಿತ್ರ, ಸಿದ್ಧ ಬರಹ ಬರುತ್ತದೆ. ಅದನ್ನು ತಮ್ಮ ತಮ್ಮ ಖಾತೆಯಿಂದ ಹಂಚಬೇಕು. ಹಂಚಿದವರಿಗೆ ಅಂಕ, ತಿಂಗಳ ಕೊನೆಗೆ ಪಟ್ಟಿ, ಮೊದಲಿಗರಿಗೆ ಒಂದು ಕುಕ್ಕರೋ ಮಿಕ್ಸರೋ. ಇದು ಸ್ವಇಚ್ಛೆಯದು ಎಂದು ಈಮೇಲಿನಲ್ಲಿ ಬರೆದಿದ್ದರು. ಯಾವ ಶಾಖೆಯಲ್ಲಿ ನೂರಕ್ಕೆ ಎಷ್ಟು ಜನ ಹಂಚಿದರು ಎಂಬ ಲೆಕ್ಕವೂ ಅದೇ ಈಮೇಲಿನಲ್ಲಿತ್ತು.

ಡಾಕ್ಟರುಗಳ ಕತೆ ಸುಲಭ. ಅವರದು ಲಿಂಕ್ಡ್‌ಇನ್; ಒಮ್ಮೆ ಒಪ್ಪಿಗೆ ಕೊಟ್ಟರೆ ಆ್ಯಪ್ ತಾನೇ ಹೊತ್ತಿಗೆ ಸರಿಯಾಗಿ ಹಾಕಿಬಿಡುತ್ತದೆ. ನರ್ಸ್‌ಗಳದು ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್ ಸ್ಟೇಟಸ್. ಅಲ್ಲಿ ಆ್ಯಪ್ ನೆನಪಿಸುತ್ತದೆ ಅಷ್ಟೇ, ಹಾಕಬೇಕಾದದ್ದು ಮನುಷ್ಯನ ಬೆರಳು. ಬರಹ ಕಾಪಿ ಆಗಿರುತ್ತದೆ, ಪೇಸ್ಟ್ ಮಾಡಿ ಒತ್ತಬೇಕು. ಆದರೆ ಹತ್ತು ಗಂಟೆಗೆ ನರ್ಸ್‌ಗಳ ಕೈಯಲ್ಲಿ ಫೋನೇ ಇರುವುದಿಲ್ಲ. ವಾರ್ಡಿನಲ್ಲಿ ಫೋನ್ ನಿಷಿದ್ಧ. ಡ್ಯೂಟಿಗೆ ಬಂದ ಕೂಡಲೇ ಟ್ರೇನಲ್ಲಿ ಹಾಕಿ ಹೋಗುತ್ತಾರೆ. ಟ್ರೇ ಇರುವುದು ನನ್ನ ಕೋಣೆಯಲ್ಲಿ.

ಹಾಗಾಗಿ ಬೆಳಗಿನ ಪಾಳಿಯ ಒಂಬತ್ತೂ ಜನರ ಪರವಾಗಿ ನಾನೇ ಒತ್ತತೊಡಗಿದೆ. ಅವರವರ ಫೋನಿನ ಪ್ಯಾಟರ್ನ್ ಲಾಕ್ ತೆಗೆಯುವ ಗೆರೆಗಳನ್ನು ಅವರಿಂದಲೇ ಕೇಳಿ ಡೈರಿಯಲ್ಲಿ ಬರೆದುಕೊಂಡೆ. ಪ್ರತಿಯೊಬ್ಬರೂ ತಾವೇ ಹಂಚಬೇಕು, ಇನ್ನೊಬ್ಬರ ಪರವಾಗಿ ಹಂಚಕೂಡದು ಎಂಬ ನಿಯಮವಿತ್ತು. ನಮ್ಮ ಶಾಖೆಯ ಅಂಕ ಏರಿದ್ದರಿಂದ ಯಾರೂ ಕೇಳಲಿಲ್ಲ. ಹುಡುಗಿಯರು ನಗುತ್ತಿದ್ದರು. ಮಲ್ಲಟದ ಕಡೆಯ ಒಬ್ಬಳು, "ಸರ, ನನ್ನ ಫೇಸ್‌ಬುಕ್ ನೋಡಿ ನಮ್ಮ ಮಾವ ದವಾಖಾನಿ ನಂದ ಅಂತ ತಿಳಕೊಂಡಾನ್ರಿ. ನಿನ್ನಿ ಬಂದು ಬಿಲ್ ಕಡಿಮಿ ಮಾಡಸು ಅಂದ," ಅಂದಿದ್ದಳು.

ಬೇಡವಾದ ದಿನಕ್ಕೂ ಒಂದು ಪದ್ಧತಿ ಇತ್ತು. ಯಾರು ಮಾಡಿದ್ದೋ ಗೊತ್ತಿಲ್ಲ, ತಾನಾಗಿ ಬಂತು. ಫೋನನ್ನು ಬೋರಲು ಇಟ್ಟರೆ ಇವತ್ತು ಹಾಕಬೇಡಿ ಎಂದರ್ಥ. ಮನೆಯಲ್ಲಿ ಜಗಳ, ಪರೀಕ್ಷೆಯಲ್ಲಿ ಮಗ ಫೇಲು, ಏನೋ ಒಂದು. ನಾನು ಕಾರಣ ಕೇಳುತ್ತಿರಲಿಲ್ಲ. ಮುಖ ಮೇಲಿದ್ದವನ್ನು ಎತ್ತುತ್ತಿದ್ದೆ, ಬೋರಲಿದ್ದವನ್ನು ಬಿಡುತ್ತಿದ್ದೆ.

ಆ ಬುಧವಾರದ ವಾರದಲ್ಲೇ ಒಂದೇ ಬಣ್ಣದ ಕವರಿನ ಎರಡು ಫೋನು ಅದಲುಬದಲಾಗಿ ಗಲಾಟೆಯಾಯಿತು. ಹೆಡ್ ನರ್ಸ್ ಎಲ್ಲ ಫೋನಿನ ಬೆನ್ನಿಗೆ ಬಿಳಿ ಅಂಟುಪಟ್ಟಿ ಹಚ್ಚಿ ಹೆಸರು ಬರೆಸಿದರು. ಒಳ್ಳೆಯ ಉಪಾಯವೇ. ಆದರೆ ಹೆಸರು ಓದಬೇಕಾದರೆ ಫೋನನ್ನು ತಿರುವಿ ಹಾಕಬೇಕು. ನಾನು ಟ್ರೇ ಎದುರು ಕೂತು, ಯಾರು ಯಾರು ಬಂದಿದ್ದಾರೆಂದು ನೋಡಲು ಮುಖ ಮೇಲಿದ್ದವನ್ನೆಲ್ಲ ತಿರುವತೊಡಗಿದೆ. ಎಲ್ಲವೂ ಬೋರಲಾಗುತ್ತಿದ್ದವು. ಯಾವುದು ಮೊದಲೇ ಬೋರಲಿತ್ತು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂದುಕೊಂಡಿದ್ದೆ. ನನ್ನ ನೆನಪಿನ ಮೇಲೆ ಆಗ ನನಗೆ ನಂಬಿಕೆ ಇತ್ತು.

ಹೆರಿಗೆ ವಾರ್ಡಿನ ಒಬ್ಬ ಸಿಸ್ಟರ್ ದಿನಾಲೂ ಮಾನ್ವಿಯಿಂದ ಬಸ್ಸಿಗೆ ಬರುತ್ತಿದ್ದರು. ನಲವತ್ತರ ಹತ್ತಿರದವರು, ಮಾತು ಕಡಿಮೆ. ಅವರ ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಅಕ್ಕನ ಮಗಳ ಹೆರಿಗೆಯನ್ನು ದೇವದುರ್ಗದಲ್ಲೇ ಮಾಡಿಸಬೇಕೆಂದಿದ್ದಾಗ, ನಮ್ಮಲ್ಲಿಗೇ ಕರೆದುಕೊಂಡು ಬಾ ಎಂದು ಒತ್ತಾಯ ಮಾಡಿದವರು ಇವರೇ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತು. ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಮಂಗಳವಾರ ಮಧ್ಯಾಹ್ನ ತೀರಿಕೊಂಡಿತು. ಆ ದಿನ ನಾನು ಕವಿತಾಳದ ಆರೋಗ್ಯ ಶಿಬಿರದಲ್ಲಿದ್ದೆ. ಅದಕ್ಕೆ ಫೋಟೋ ಇದೆ, ಆದ್ದರಿಂದ ನಂಬುತ್ತೇನೆ. ನನಗೆ ಸುದ್ದಿ ತಿಳಿದಿರಲಿಲ್ಲ. ಸಂಜೆಗೆ ಮುಂಚೆ ದೇವದುರ್ಗದಲ್ಲಿ ಮಣ್ಣು ಮಾಡಿದರು. ಸಿಸ್ಟರ್ ಅಲ್ಲಿದ್ದು, ಮಾನ್ವಿಗೆ ಮರಳಿ, ಬದಲಿಗೆ ಬರುವವರಿಲ್ಲದ್ದರಿಂದ ಬುಧವಾರ ಬೆಳಿಗ್ಗೆ ಡ್ಯೂಟಿಗೆ ಬಂದರು. ಫೋನನ್ನು ಟ್ರೇನಲ್ಲಿ ಇಟ್ಟು ಹೋದರು.

ಬುಧವಾರದ ಬರಹ ನವಜಾತ ಶಿಶುಗಳ ಘಟಕದ ಬಗ್ಗೆ ಇತ್ತು. ಮುಖ್ಯ ಕಚೇರಿಯಿಂದ ಬಂದ ಕನ್ನಡ ಒಣಗಿತ್ತು. ಅದನ್ನು ತಿದ್ದಲು ನನಗೆ ಅವಕಾಶವಿತ್ತು, ತಿದ್ದಿದ್ದೆ. "ಇಲ್ಲಿ ಪ್ರತಿ ಪುಟ್ಟ ಉಸಿರಿಗೂ ಒಬ್ಬ ತಾಯಿ ಕಾವಲಿದ್ದಾಳೆ. ಅವರಲ್ಲಿ ನಾನೂ ಒಬ್ಬಳೆಂಬ ಹೆಮ್ಮೆ ನನ್ನದು." ಎರಡನೇ ವಾಕ್ಯ ಪೂರ್ತಿ ನನ್ನದು. ಬರೆದ ದಿನ ಎರಡು ಸಲ ಓದಿಕೊಂಡು ಖುಷಿಪಟ್ಟಿದ್ದೆ. ಅದು ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಆ ಸಿಸ್ಟರ್ ಫೋನಿನಿಂದ ಸ್ಟೇಟಸ್ಸಿಗೆ ಹೋಯಿತು. ನಗುವ ಮಗುವಿನ ಚಿತ್ರ, ಕೆಳಗೆ ಆ ವಾಕ್ಯ.

ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಮುಗಿಸಿ ಅವರು ಫೋನ್ ಎತ್ತಿಕೊಂಡರು. ಹನ್ನೊಂದು ಮಿಸ್ಡ್ ಕಾಲ್. ಬಾಗಿಲಲ್ಲೇ ನಿಂತು ಒಂದೊಂದಾಗಿ ನೋಡಿದರು. ಆಮೇಲೆ ನನ್ನ ಮೇಜಿನ ಮೇಲೆ ಫೋನ್ ಇಟ್ಟು, ತೋರುಬೆರಳಿನಿಂದ ನನ್ನ ಕಡೆ ಸರಿಸಿದರು. ಅಕ್ಕ ಬರೆದಿದ್ದಳು: "ಕಾವಲಿದ್ದ ತಾಯಿ, ನಿನ್ನಿ ಎಲ್ಲಿ ಹೋಗಿದ್ದೆಬೇ."

"ಏನಾತು ಸಿಸ್ಟರ್?" ಅಂದೆ.

"ನಮ್ಮ ಅಕ್ಕನ ಮಮ್ಮಗ ನಿನ್ನಿ ಹೋತ್ರಿ ಸರ. ಇಲ್ಲೇ." ಅವರ ದನಿ ಏರಲಿಲ್ಲ. "ನಾ ಬೋರಲ ಇಟ್ಟಿದ್ನೆಲ್ರಿ. ಯಾಕ ಹಾಕಿದ್ರಿ?"

ಸ್ಟೇಟಸ್ ಅಳಿಸಿದೆವು. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಅವರ ನೆಂಟರ ಗುಂಪಿನಲ್ಲಿ ತಿರುಗಿತ್ತು. ಸಿಸ್ಟರ್ ಫೋನ್ ಮಾಡಿದರು, ಅಕ್ಕ ಎತ್ತಲಿಲ್ಲ. ನಾಲ್ಕು ದಿನ ಎತ್ತಲಿಲ್ಲ. ಐದನೇ ದಿನ ಭಾವ ಎತ್ತಿ, ಈ ಮನೆಗೆ ಬರಬೇಡ, ಇದ್ದ ಅಕ್ಕ ಸತ್ತಳು ಅಂದುಕೋ ಅಂದನಂತೆ.

ನಮ್ಮ ಆಡಳಿತಾಧಿಕಾರಿಗೆ ಹೇಳಿದೆ. ಅವರು ಕನ್ನಡಕ ಒರೆಸುತ್ತ, "ಅವರ ಖಾತೆ, ಅವರ ಇಚ್ಛೆ. ನಾವು ಬರೇ ಬರಹ ಕೊಟ್ಟೀವಿ," ಅಂದರು. ಒತ್ತಿದ್ದು ನಾನು ಅಂದೆ. "ಹಂಗ ಎಲ್ಲೂ ಬರೀಬ್ಯಾಡ್ರಿ," ಅಂದರು. ಮುಖ್ಯ ಕಚೇರಿಯವರು ಒಂದು ವಾರ ನಮ್ಮ ಶಾಖೆಗೆ ಬರಹ ಕಳಿಸುವುದನ್ನು ನಿಲ್ಲಿಸಿ, ಏನಾಯಿತೆಂದು ಲಿಖಿತ ವಿವರ ಕೇಳಿದರು.

ಸಿಸ್ಟರ್ ವಿವರ ಕೇಳಲಿಲ್ಲ. ನನ್ನ ಹತ್ತಿರ ಒಂದೇ ಕೇಳಿದರು. "ದೇವದುರ್ಗಕ್ಕ ಬರ್ರಿ ಸರ. ನಿಮ್ಮ ಕೈಲೆ ಆಗೇದ ಅಂತ ನಮ್ಮ ಅಕ್ಕನ ಮುಂದ ಹೇಳ್ರಿ. ನನಗ ಇರೂದು ಅಕಿ ಒಬ್ಬಾಕೀನ."

ಅದರ ಮುಂದಿನ ಭಾನುವಾರ ರಾಯಚೂರಿನಿಂದ ಜೊತೆಯಾಗಿ ಹೋದೆವು. ಬಸ್ಸಿನಲ್ಲಿ ಅವರು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಗಬ್ಬೂರು ದಾಟುವವರೆಗೂ ನಾನು ಆ ಟ್ರೇಯನ್ನೇ ಕಣ್ಣ ಮುಂದೆ ತರಲು ನೋಡಿದೆ. ಒಂದು ಸಲ ಅವರ ಫೋನು ಬೋರಲಿತ್ತು, ಬಿಳಿ ಪಟ್ಟಿ ಕಾಣುತ್ತಿತ್ತು. ಮತ್ತೊಂದು ಸಲ ಅಂಗಾತವಿತ್ತು, ಪಟ್ಟಿ ಕಂಡದ್ದು ನಾನು ತಿರುವಿದ ಮೇಲೆ. ಎರಡೂ ಅಷ್ಟೇ ಸ್ಪಷ್ಟ. ಎರಡರಲ್ಲೂ ಟ್ರೇಯ ಮೂಲೆ ತಗ್ಗಾಗಿತ್ತು.

ಮನೆ ಬಸ್‌ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಭಾವ ಕಟ್ಟೆಯ ಮೇಲೆ ಕೂತಿದ್ದ. ಏಳಲಿಲ್ಲ. ಅಕ್ಕ ಹೊಸ್ತಿಲಲ್ಲಿ ಬಂದು ನಿಂತಳು. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ಬಾಣಂತಿಯ ಬೆನ್ನು ಕಾಣುತ್ತಿತ್ತು.

"ಇವರ್ಯಾರು? ಇನ್ನೊಂದು ಫೋಟೋ ತೆಗಿಲಾಕ ಕರ್ಕೊಂಡ ಬಂದ್ಯಾ?" ಅಂದ ಭಾವ.

ನಾನು ಎಲ್ಲ ಹೇಳಿದೆ. ಆ್ಯಪ್, ಟ್ರೇ, ಡೈರಿಯಲ್ಲಿ ಬರೆದುಕೊಂಡ ಗೆರೆಗಳು. ವಾಕ್ಯ ನಾನು ಬರೆದದ್ದು, ಒತ್ತಿದ್ದು ನಾನು, ಸಾವಿನ ಸುದ್ದಿ ನನಗೆ ಗೊತ್ತಿರಲಿಲ್ಲ. ಭಾವ ಕೇಳುತ್ತ ಕೇಳುತ್ತ, "ಹಂಗಾರ ಒಂಬತ್ತು ಮಂದಿ ಬಾಯಿ ನೀವೊಬ್ರ ಆಡ್ತೀರಿ ಅನ್ರಿ ಸಾಹೇಬ್ರ," ಅಂದ.

ಅಕ್ಕ ನನ್ನನ್ನು ನೋಡಲಿಲ್ಲ, ತಂಗಿಯನ್ನು ನೋಡಿದಳು. "ಅವರ ಕೈ ಇರಲಿ. ಫೋನು ಕೊಟ್ಟಾಕಿ ನೀನಲ್ಲ? ಕೂಸು ಮಣ್ಣಾಗಿಟ್ಟ ಮರುದಿನ?"

"ಬೋರಲ ಇಟ್ಟಿದ್ದೆ ಯಕ್ಕಾ. ಬೋರಲ ಇಟ್ರ ಹಾಕಬ್ಯಾಡ ಅಂತ ಅರ್ಥ. ಇವರನ್ನ ಕೇಳು."

ಆಗ ಅಕ್ಕ ನನ್ನ ಕಡೆ ತಿರುಗಿದಳು. "ಖರೇ ಹೇಳ್ರಿ. ಬೋರಲ ಇಟ್ಟಿದ್ಲಾ?"

ಗೊತ್ತಿಲ್ಲ ಅನ್ನುವುದು ನಿಜವಾದ ಉತ್ತರ. ವಿಶ್ವವಿದ್ಯಾಲಯ ಕಲಿಸಿದ ಉತ್ತರವೂ ಅದೇ. ನಾನು, "ಬೋರಲೇ ಇತ್ತು. ನಾನೇ ತಿರುವಿ ಹಾಕಿದೆ," ಅಂದೆ.

ಅಕ್ಕ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದಳು. ಆಮೇಲೆ ತಂಗಿಗೆ, "ಒಳಗ ಬಾ," ಅಂದಳು. ಸಿಸ್ಟರ್ ಚಪ್ಪಲಿ ಬಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಳು ಕೇಳಿತು, ಯಾರದೆಂದು ತಿಳಿಯಲಿಲ್ಲ. ಭಾವ ನನಗೆ ಕೂತುಕೊಳ್ಳಿ ಅನ್ನಲಿಲ್ಲ. ಬಿಸಿಲಲ್ಲಿ ನಿಂತಿದ್ದೆ.

ಮರಳಿ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಸಿಸ್ಟರ್ ಮುಖ ಊದಿತ್ತು. ರಾಯಚೂರಿನ ಬಸ್ಸು ನಿಂತಿತ್ತು, ಡ್ರೈವರ್ ಇನ್ನೂ ಬಂದಿರಲಿಲ್ಲ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದರು.

"ಸರ, ನಾ ಖರೇನ ಬೋರಲ ಇಟ್ಟಿದ್ನಾ?"

ನಾನು ಅವರನ್ನೇ ನೋಡಿದೆ.

"ಅವತ್ತು ಮುಂಜಾನಿ ನನಗ ಏನೂ ನೆಪ್ಪಿಲ್ರಿ. ಬಸ್ ಹತ್ತಿದ್ದೂ ನೆಪ್ಪಿಲ್ಲ. ಇಟ್ಟಿರಬೇಕು ಅಂತ ಅಂದೆ. ನೀವು ಹೌದು ಅಂದ್ರಿ. ನೀವು ನೋಡೀರಿ ಹೌದಿಲ್ರಿ?"

"ನೋಡೀನಿ ಸಿಸ್ಟರ್," ಅಂದೆ.

ಅವರು ತಲೆಯಾಡಿಸಿ ಬಸ್ ಹತ್ತಿದರು.

ಮರುದಿನ ಲಿಖಿತ ವಿವರದಲ್ಲೂ ಅದನ್ನೇ ಬರೆದೆ. ಫೋನು ಬೋರಲಿತ್ತು, ಬೇಡವೆಂಬ ಸೂಚನೆಯಿದ್ದರೂ ನಾನು ಹಂಚಿದೆ. ಎರಡು ವಾರಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಅದು ಅನ್ಯಾಯವೆಂದು ನನಗೆ ಅನ್ನಿಸಲಿಲ್ಲ. ಆ ಆ್ಯಪ್ ಈಗಲೂ ಇದೆ, ಟ್ರೇಯನ್ನು ಮಾತ್ರ ಬೀಗದ ಪೆಟ್ಟಿಗೆಯಲ್ಲಿ ಇಡುತ್ತಾರೆ, ನರ್ಸ್‌ಗಳು ಊಟದ ಹೊತ್ತಿಗೆ ತಾವೇ ಒತ್ತುತ್ತಾರೆ ಎಂದು ಕೇಳಿದ್ದೇನೆ. ಸಿಸ್ಟರ್ ಅಲ್ಲೇ ಇದ್ದಾರೆ. ಹಬ್ಬಕ್ಕೆ ದೇವದುರ್ಗಕ್ಕೆ ಹೋಗುತ್ತಾರಂತೆ. ಬಾಣಂತಿ ಅವರೊಂದಿಗೆ ಇನ್ನೂ ಮಾತಾಡಿಲ್ಲವಂತೆ.

ಈಗ ಆ ಟ್ರೇಯನ್ನು ನೆನೆದರೆ ಫೋನು ಯಾವಾಗಲೂ ಬೋರಲೇ ಇರುತ್ತದೆ. ಅಂಗಾತವಿದ್ದ ಇನ್ನೊಂದು ಚಿತ್ರವನ್ನು ಹುಡುಕಿದರೂ ಸಿಗುವುದಿಲ್ಲ. ಬಸ್ಸಿನಲ್ಲಿ ಗಬ್ಬೂರಿನ ತನಕ ಅದೂ ನನ್ನ ಬಳಿ ಇತ್ತು ಎಂಬುದಷ್ಟೇ ಗೊತ್ತು.