ಬೀಗರೂಟದ ಎರಡು ಪಾತೇಲಿ

ಬುಟ್ಟಿಯಲ್ಲಿದ್ದ ಕೋಳಿ ಮಾಂಸಕ್ಕೆ ನೀರು ಸುರಿದು ಎರಡೂ ಕೈ ಅದ್ದಿದಾಗಲೇ ಹನಮವ್ವನ ಬೆರಳಿಗೆ ವ್ಯತ್ಯಾಸ ಗೊತ್ತಾಯಿತು. ಒಂದು ತುಂಡು ಬಿಗಿ, ಇನ್ನೊಂದು ಮೆತ್ತಗೆ. ಬಿಗಿಯಾದದ್ದು ಒತ್ತಿದ ಬೆರಳನ್ನು ಹಿಂದಕ್ಕೆ ನೂಕುತ್ತಿತ್ತು. ಮೆತ್ತಗಿದ್ದದ್ದರಲ್ಲಿ ಒತ್ತಿದಷ್ಟು ಗುಳಿ ಬೀಳುತ್ತಿತ್ತು. ಅವಳು ಒಂದು ಕಾಲಿನ ತುಂಡನ್ನು ಬೆಳಕಿಗೆ ಹಿಡಿದಳು. ದಪ್ಪ ಎಲುಬು, ತುದಿಯಲ್ಲಿ ಇನ್ನೂ ಬಲಿಯದ ಬಿಳಿ ಮೆಲ್ಲೆಲುಬು, ಅದರ ಸುತ್ತ ಬಿಳಿಚಿಕೊಂಡ ಮಾಂಸ. ಊರಲ್ಲಿ ಮೇಯ್ದು ಬೆಳೆದ ಜವಾರಿ ಕೋಳಿಯ ಕಾಲು ಹೀಗಿರುವುದಿಲ್ಲ.

ಜಗಲಿಯ ಮೇಲೆ ಚಹಾ ಕುಡಿಯುತ್ತಿದ್ದ ಅಣ್ಣ ಭಾಗಪ್ಪನನ್ನು ಒಳಗೆ ಕರೆದಳು.

"ಅಣ್ಣಾ, ಇದರಾಗ ಫಾರಂ ಕೋಳಿ ಅದಾವು."

"ಹದಿನಾಲ್ಕರಾಗ ಎಂಟು," ಎಂದ ಭಾಗಪ್ಪ, ಬಸ್ಸಿನ ವೇಳೆ ಹೇಳುವವನ ಹಾಗೆ. "ತಿಕೋಟಾ ತಿರುಗಿದೆ, ಕಳ್ಳಕವಟಗಿ ತಿರುಗಿದೆ, ಕನಮಡಿ ಮಟ ಹೋದೆ. ರೋಗ ಬಂದು ಊರೂರು ಕೋಳಿಗೂಡು ಖಾಲಿ ಆಗ್ಯಾವ. ಆರು ಸಿಕ್ಕಾವು. ಒಂದಕ್ಕ ಹದಿನಾರು ರೂಪಾಯಿ ಅಂತಾರ. ವಿಜಾಪುರದ ಫಾರಂದಾಗ ಅದಕ್ಕಿಂತ ದಪ್ಪಂದು ಹತ್ತಕ್ಕ ಬಂತು."

"ನನಗ ಒಂದ ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನೀ ಅಳ್ತಿದ್ದಿ. ಅದಕ್ಕ ಕಡಿದು ಕೂಡಿಸೇ ತಂದೀನಿ. ಖಾರ ಜಗ್ಗಿ ಹಾಕು, ಯಾರಿಗೆ ಗೊತ್ತಾಗ್ತದ?"

ಅವನು ಹೊರಗೆ ಹೋದ. ಹನಮವ್ವ ಬುಟ್ಟಿಯ ಮುಂದೆ ಕುಕ್ಕರಿಸಿದಳು.

ಅವಳ ಮಗಳು ಚಂದ್ರಾಬಾಯಿಯ ಮದುವೆಯಾಗಿ ನಾಲ್ಕು ದಿನವಾಗಿತ್ತು. ಗಂಡು ಬಾಬು, ವಿಜಾಪುರದ ಕಚೇರಿಯೊಂದರಲ್ಲಿ ಜವಾನ, ಜೈನಾಪುರದವನು. ಇವತ್ತು ತಿಕೋಟಾದಲ್ಲಿ, ಹನಮವ್ವನ ಮನೆಯಲ್ಲಿ, ಬೀಗರೂಟ. ಗಂಡಿನ ಕಡೆಯವರು ಹೊಸ ಸೊಸೆಯನ್ನು ಕರೆದುಕೊಂಡು ಲಾರಿಯಲ್ಲಿ ಬರುತ್ತಾರೆ, ಉಂಡು, ಸಂಜೆಗೆ ಅವಳನ್ನು ಮತ್ತೆ ಕರೆದೊಯ್ಯುತ್ತಾರೆ. ಕರೆದೊಯ್ಯಬೇಕು. ಮಾತುಕತೆಯ ದಿನ ಬೀಗ ಸಿದ್ದರಾಯ ಅಡಿಕೆ ಕತ್ತರಿಸುತ್ತಾ ಹೇಳಿದ್ದ: "ಬಂಗಾರ ಬ್ಯಾಡ, ಗಡಿಯಾರ ಬ್ಯಾಡ. ಬೀಗರೂಟ ಮಾತ್ರ ಜವಾರಿ ಕೋಳೀದಾಗಬೇಕು. ಹಿರೀ ಸೊಸಿ ಕಡ್ಯಾವರು ಫಾರಂ ಕೋಳಿ ಹಾಕಿ ನಮ್ಮನ್ನ ಹಗರ ಮಾಡಿದ್ರು. ಎಲಿ ಬಿಟ್ಟು ಎದ್ದು ಬಂದ್ವಿ. ಆಕಿ ಎರಡು ವರ್ಷಾತು, ತವರಾಗ ಕುಂತಾಳ." ಹೇಳಿ ನಕ್ಕಿದ್ದ. ಅಲ್ಲಿದ್ದ ಗಂಡಸರೂ ನಕ್ಕಿದ್ದರು. ಆ ಹಿರಿಯ ಸೊಸೆಯ ಹೆಸರೇನೆಂದು ಹನಮವ್ವ ಕೇಳಲಿಲ್ಲ. ಆದರೆ ಅಂದಿನಿಂದ ಆ ಮುಖ ಕಾಣದ ಹುಡುಗಿ ಅವಳ ನಿದ್ದೆಯ ಅಂಚಿನಲ್ಲಿ ಕೂತೇ ಇದ್ದಳು.

ಗಂಡ ತೀರಿದ ಮೇಲೆ ಹನ್ನೊಂದು ವರ್ಷ ಹನಮವ್ವ ಮಂದಿಯ ಮನೆಯ ಒಲೆಗಳ ಮುಂದೆಯೇ ಬದುಕಿದ್ದಳು. ತಿಕೋಟಾ, ಬಬಲೇಶ್ವರ, ಕನಮಡಿ, ಎಲ್ಲಿ ಬೀಗರೂಟವಿದ್ದರೂ ಹನಮವ್ವನೇ ಬೇಕು. ಅಡಿಗೆಯನ್ನು ಹೊಗಳಿದವರು ಗಂಡಸರು, ಖಾರ ಕುಟ್ಟಿ, ನೀರು ಹೊತ್ತು, ಮಸಿ ತಿಕ್ಕಿದವಳು ಅವಳು. ಕೂಲಿ ಎಂದರೆ ಒಂದು ಸೀರೆ, ಸೇರು ಅಕ್ಕಿ, ಹತ್ತು ರೂಪಾಯಿ. ಒಮ್ಮೆ ಮಾತ್ರ ವಿಜಾಪುರದಲ್ಲಿ ಒಬ್ಬ ಸಾಹೇಬರ ಮನೆಯಲ್ಲಿ ತಿಂಗಳ ಪಗಾರದ ಕೆಲಸ ಸಿಕ್ಕಿತ್ತು. ಅದು ಎಂಟೇ ದಿನ. ಪೇಟೆಯಲ್ಲಿ ಆಗಷ್ಟೇ ಬರತೊಡಗಿದ್ದ ಫಾರಂ ಕೋಳಿಯನ್ನು ಸಾಹೇಬರು ತಂದುಕೊಟ್ಟರು. ಅವಳು ತನಗೆ ಗೊತ್ತಿದ್ದ ಹಾಗೆ ಒಂದೂವರೆ ತಾಸು ಕುದಿಸಿದಳು. ಮುಚ್ಚಳ ತೆಗೆದರೆ ತುಂಡು ಎಂಬುದೇ ಇರಲಿಲ್ಲ. ಎಲುಬು ಬೇರೆ, ಹತ್ತಿಯ ಎಳೆಯಂಥ ಮಾಂಸ ಬೇರೆ, ಎಲ್ಲ ಸಾರಿನಲ್ಲಿ ಕಲಸಿಹೋಗಿತ್ತು. ಮರುದಿನದಿಂದ ಬರಬೇಡ ಎಂದರು.

"ಹನಮಕ್ಕ, ಕುಂತ್ರ ಬಿಸಲು ಏರತೈತಿ," ಎಂದಳು ಹುಸೇನಬಿ, ಒರಳಿನಿಂದ ಖಾರ ಬಾಚುತ್ತಾ. ಅವಳು ಪಕ್ಕದ ಮನೆಯವಳು, ಹನಮವ್ವನ ಜೋಡಿ ಅಡಿಗೆಗೆ ಹೋಗುವವಳು, ಮನೆಯಲ್ಲಿ ಕೋಳಿ ಸಾಕಿದವಳು. ಈ ಬೇಸಿಗೆಯ ರೋಗದಲ್ಲಿ ಅವಳ ಹನ್ನೆರಡೂ ಕೋಳಿ ಒಂದೇ ವಾರದಲ್ಲಿ ಕುತ್ತಿಗೆ ತಿರುವಿ ಸತ್ತಿದ್ದವು.

ಹನಮವ್ವ ಬುಟ್ಟಿ ತೋರಿಸಿದಳು. ಹುಸೇನಬಿ ಒಂದು ತುಂಡು ಹಿಸುಕಿ ನೋಡಿ ತುಟಿ ಕಚ್ಚಿದಳು.

"ಕೂಡೇ ಹಾಕಿದ್ರ?"

"ಜವಾರಿ ಬೇಯೂದರಾಗ ಫಾರಂದು ಗಂಜಿ ಆಗ್ತಾವು. ಫಾರಂದು ಬೆಂದಾಗ ಇಳಿಸಿದ್ರ ಜವಾರಿ ಟೈರ."

"ಆಗೂದಿಲ್ಲೇನು ಮತ್ತ," ಎಂದಳು ಹುಸೇನಬಿ. "ನನ್ನ ಹ್ಯಾಂಟಿ ಕೋಳಿ ಎಂಟು ತಿಂಗಳು ತಿಪ್ಪಿ ಕೆದರಿ, ಹದ್ದಿಗೆ ಹೆದರಿ ಓಡಿ, ಗಿಡ ಏರಿ ಮಲಗಿ ಸೇರು ತೂಕ ಆಗ್ತಿತ್ತು. ಹತ್ತು ಮರಿ ಆದ್ರ ನಾಕು ಉಳೀತಿದ್ವು. ಈ ಫಾರಂ ಕೋಳಿ ಎರಡು ತಿಂಗಳ ಕೂಸುಗಳು. ಕುಂತಲ್ಲೇ ತಿಂತಾವ, ಕುಂತಲ್ಲೇ ಬೆಳೀತಾವ. ನರ ಬಲಿಯೂದ್ರಾಗ ಕತ್ತಿ ಬೀಳ್ತದ. ಹಾಂಗಂತ ಮೆತ್ತಗ, ಹಾಂಗಂತ ಸೋವಿ."

"ಈಗ ಏನ ಮಾಡ್ಲಿ ಬೇ?"

"ಆರಿಸೋಣು. ಮತ್ತೇನ ಮಾಡ್ತಿ, ಅಣ್ಣನ್ನ ಬೇಯಿಸ್ತೀಯೇನು?"

ನಗಬೇಕಾದ ಮಾತು. ಇಬ್ಬರಿಗೂ ನಗು ಬರಲಿಲ್ಲ.

ಕೂಡಿಸಲು ಭಾಗಪ್ಪನಿಗೆ ಒಂದು ಗಳಿಗೆ ಸಾಕಾಗಿತ್ತು, ಬಿಡಿಸಲು ಇಬ್ಬರು ಹೆಂಗಸರಿಗೆ ಒಂದು ತಾಸು ಹಿಡಿಯಿತು. ತೆಳ್ಳಗಿನ ಉದ್ದ ಎಲುಬು, ಕಪ್ಪುಗೆಂಪು ತೊಡೆ, ದಪ್ಪ ಚರ್ಮದಡಿ ಹಳದಿ ಕೊಬ್ಬು ಇದ್ದದ್ದು ಒಂದು ಕಡೆ. ಅಗಲವಾದ ಎದೆ, ತೆಳು ಚರ್ಮ, ಬಿಳಿ ಮಾಂಸ ಇನ್ನೊಂದು ಕಡೆ. ಎಲುಬಿಲ್ಲದ ಚೂರು ಸಿಕ್ಕಾಗ ಹನಮವ್ವ ಕಣ್ಣು ಮುಚ್ಚಿ ಬೆರಳಿನಿಂದ ಹಿಸುಕುತ್ತಿದ್ದಳು. ಒಂದೇ ಒಂದು ತುಂಡು ತಪ್ಪಿದರೂ ಅದು ಸಿದ್ದರಾಯನ ಎಲೆಗೇ ಹೋಗಿ ಬೀಳುತ್ತದೆ ಎಂದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು.

ಜವಾರಿಯನ್ನು ಅರಿಶಿನ, ಉಪ್ಪು ಹಾಕಿ ಮೊದಲು ದೊಡ್ಡ ಪಾತೇಲಿಯಲ್ಲಿ ಒಲೆಗೇರಿಸಿದಳು. ಮುಚ್ಚಳದ ಮೇಲೆ ನೀರು ನಿಲ್ಲಿಸಿ, ಆ ನೀರು ಬಿಸಿಯಾದಂತೆ ಪಾತೇಲಿಗೆ ಸುರಿದು, ಮತ್ತೆ ತಣ್ಣೀರು ನಿಲ್ಲಿಸಿದಳು. ತಾಸಾದರೂ ಮಾಂಸ ಹಲ್ಲಿಗೆ ಬಗ್ಗಲಿಲ್ಲ. ಆರರಲ್ಲಿ ಒಂದು ಮೊಟ್ಟೆ ಇಟ್ಟು ಇಟ್ಟು ಮುದಿಯಾದ ಹ್ಯಾಂಟಿ ಇತ್ತು. ಅದರ ತೊಡೆ ತೊಗಲಿನ ಹಾಗಿತ್ತು. ಒಲೆಗೆ ಕಟ್ಟಿಗೆ ನೂಕುತ್ತಾ ಅವಳು ರಸ್ತೆಗೆ ಕಿವಿಗೊಟ್ಟಿದ್ದಳು. ಪ್ರತಿಯೊಂದು ಲಾರಿಯ ಸದ್ದಿಗೂ ಎದ್ದು ಬಾಗಿಲಿಗೆ ಹೋಗಿ ನೋಡುತ್ತಿದ್ದಳು. ಎರಡು ತಾಸಿಗೆ ಸಾರಿನ ಮೇಲೆ ಹಳದಿ ಎಣ್ಣೆ ತೇಲಿ, ಮನೆಯೆಲ್ಲ ಘಮ್ಮೆಂದಿತು. ಆಗ ಫಾರಂ ಮಾಂಸವನ್ನು ಸಣ್ಣ ಪಾತೇಲಿಯಲ್ಲಿ ಹುರಿದು, ಜವಾರಿಯ ರಸ ನಾಲ್ಕು ಸೌಟು ಹೊಯ್ದಳು. ವಾಸನೆಯಾದರೂ ಅದಕ್ಕೆ ಹತ್ತಲಿ ಎಂದು. ಅರ್ಧ ತಾಸಿನೊಳಗೇ ಅದು ಬೆಂದಿತು. ಸೌಟು ಗಟ್ಟಿಯಾಗಿ ಆಡಿಸಲು ಹೆದರಿ, ಪಾತೇಲಿಯ ಕಿವಿ ಹಿಡಿದು ಅಲುಗಿಸಿ ಇಳಿಸಿದಳು.

"ದೊಡ್ಡದು ಬೀಗರಿಗೆ, ಸಣ್ಣದು ನಮ್ಮ ಮಂದಿಗೆ," ಎಂದು ಹುಸೇನಬಿಗೆ ಮೂರು ಸಲ ಹೇಳಿದಳು. ಸಿದ್ದರಾಯನ ಹೆಂಡತಿ, ಬೀಗತಿ ಪರಸವ್ವ, ಹೆಂಗಸರ ಪಂಕ್ತಿಯಲ್ಲಿ ಕೊನೆಗೆ ಉಣ್ಣುತ್ತಾಳೆ. ಮಗಳು ದಿನ ಬೆಳಗಾದರೆ ಮುಖ ನೋಡಬೇಕಾದದ್ದು ಅವಳದು. ಅದಕ್ಕೇ ದೊಡ್ಡ ಪಾತೇಲಿಯಿಂದ ಒಂದು ಬೋಗುಣಿ ತುಂಬಿ ಒಲೆಯ ಹಿಂದೆ ಮುಚ್ಚಿಟ್ಟಳು.

ಲಾರಿ ಬಂತು. ಚಂದ್ರಾ ಹಸಿರು ಬಳೆ ತುಂಬಿದ ಕೈಯಿಂದ ಅವ್ವನನ್ನು ಮುಟ್ಟಿದಳು, ಮಾತಾಡಲು ಬಾಯಿ ತೆರೆದಳು, ಅಷ್ಟರಲ್ಲಿ ಹಿಂದಿನಿಂದ ಯಾರೋ ನೀರು ಕೇಳಿದರು. ಅವಳು ತಂಬಿಗೆ ಹಿಡಿದು ಹೋದಳು.

ಗಂಡಸರು ಕೂತರು. ಸಿದ್ದರಾಯ ಮೊದಲ ತುಂಡನ್ನು ಬಾಯಿಗಿಟ್ಟು ನಿಧಾನಕ್ಕೆ ಅಗಿದ. ಬಾಗಿಲ ಮರೆಯಲ್ಲಿ ನಿಂತ ಹನಮವ್ವನಿಗೆ ಅವನ ದವಡೆ ಮಾತ್ರ ಕಾಣುತ್ತಿತ್ತು. ಅದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಎಲುಬು ಕಟಕ್ಕೆಂದು ಮುರಿಯಿತು.

"ಕೋಳಿ ಅಂದ್ರ ಇದು," ಎಂದ ಅವನು. "ಹಲ್ಲಿಗೆ ಕೆಲಸ ಹಚ್ಚಬೇಕು. ಫಾರಂದು ಬಾಯಾಗಿಟ್ರ ರವಾ ಉಂಡಿ ಹಾಂಗ ಪುಡಿ ಆಗ್ತದ. ಏನಂತೀ ಭಾಗಪ್ಪ?"

"ಖರೇ ಅದರಿ ಬೀಗರ," ಎಂದ ಬೀಗರ ಪಕ್ಕದಲ್ಲೇ ಕೂತು ಜವಾರಿಯನ್ನೇ ತಿನ್ನುತ್ತಿದ್ದ ಭಾಗಪ್ಪ. "ನಾ ಊರೂರು ತಿರುಗಿ ಆರಿಸಿ ತಂದೀನಿ."

ಹನಮವ್ವ ಬಾಗಿಲ ಮರೆಯಿಂದ ಒಲೆಯ ಕಡೆಗೆ ಬಂದಳು. ಆದರೆ ಎಲೆಗಳು ಬರಿದಾಗುತ್ತಲೇ ಇದ್ದವು. ಇನ್ನೊಂದು ಸೌಟು, ಮತ್ತೊಂದು ಸೌಟು. ಹುಸೇನಬಿ ದೊಡ್ಡ ಪಾತೇಲಿಯನ್ನು ಓರೆ ಮಾಡಿ ತೋರಿಸಿದಳು. ತಳದಲ್ಲಿ ಖಾರ ಮಾತ್ರ. ಪರವಾಗಿಲ್ಲ, ಬೋಗುಣಿ ಇದೆ ಎಂದುಕೊಂಡು ಹನಮವ್ವ ಒಲೆಯ ಹಿಂದೆ ಕೈ ಹಾಕಿದಳು. ಅಲ್ಲಿ ಬೂದಿ ಇತ್ತು.

ಭಾಗಪ್ಪ ಖಾಲಿ ಬೋಗುಣಿ ಹಿಡಿದು ಒಳಗೆ ಬರುತ್ತಿದ್ದ. "ಬೀಗರು ಕೇಳಿದ್ರು. ಇಲ್ಲ ಅನ್ನಾಕ ಬರ್ತದೇನು? ಹೆಂಗಸರಿಗೆ ಯಾವುದಾದ್ರೇನು."

ಹೊಸದಾಗಿ ತರಲು ಕೋಳಿಯಿಲ್ಲ, ಇದ್ದರೂ ಬೇಯಿಸಲು ಎರಡು ತಾಸಿಲ್ಲ. ಹೊರಗೆ ಎಲೆ ತೆಗೆದು, ನೆಲ ಬಳಿದು, ಹೆಂಗಸರು ಕೂರತೊಡಗಿದ್ದರು. ಗಂಡಸರು ತಾಂಬೂಲ ಹಾಕಿಕೊಂಡು ಜಗಲಿಯ ಮೇಲೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದರು.

ಸಣ್ಣ ಪಾತೇಲಿಯನ್ನು ಹನಮವ್ವ ತಾನೇ ಹೊತ್ತು ತಂದಳು. ಪರಸವ್ವನ ಎಲೆಗೆ ಬಡಿಸುವಾಗ ಸೌಟು ಪಾತೇಲಿಯ ಅಂಚಿಗೆ ಬಡಿದು ಸದ್ದಾಯಿತು. ಬೀಗತಿ ತಲೆಯೆತ್ತಿ ನೋಡಿದಳು. ಐವತ್ತರ ಒಣ ಹೆಂಗಸು, ಬೆರಳ ಸಂದಿಯಲ್ಲಿ ಬೂದಿ ತಿಕ್ಕಿ ತಿಕ್ಕಿ ಬಿರಿದ ಗೆರೆಗಳು, ಥೇಟು ಹನಮವ್ವನ ಕೈಗಳೇ. ಅವಳು ರೊಟ್ಟಿ ಮುರಿದು ತುಂಡಿಗೆ ಒತ್ತಿದಳು. ಮಾಂಸ ತಾನಾಗಿ ಎಲುಬು ಬಿಟ್ಟು ಬಂತು.

ಪರಸವ್ವನ ಕೈ ನಿಂತಿತು.

ಅವಳು ಎಲುಬನ್ನೆತ್ತಿ ತಿರುಗಿಸಿ ನೋಡಿದಳು. ತುದಿಯ ಮೆಲ್ಲೆಲುಬನ್ನು ಉಗುರಿನಿಂದ ಒತ್ತಿದಳು. ಉಗುರು ಇಳಿಯಿತು. ಜಗಲಿಯ ಕಡೆ ನೋಡಿದಳು. ಸಿದ್ದರಾಯ ಅಲ್ಲಿ ಯಾವುದೋ ಮಾತಿಗೆ ಗಟ್ಟಿಯಾಗಿ ನಗುತ್ತಿದ್ದ.

"ಬೀಗತಿ, ಬಾ ಇಲ್ಲಿ. ಕುಂದರು."

ಹನಮವ್ವ ಕೂತಳು. ಪಾತೇಲಿ ತೊಡೆಯ ಮೇಲೇ ಇತ್ತು, ಸುಡುತ್ತಿತ್ತು, ಇಳಿಸಬೇಕೆಂದು ಹೊಳೆಯಲಿಲ್ಲ.

"ಇದು ಎರಡು ತಿಂಗಳದ್ದು," ಎಂದಳು ಪರಸವ್ವ, ಪಕ್ಕದವಳಿಗೂ ಕೇಳದಷ್ಟು ಮೆಲ್ಲಗೆ. "ಗಂಡಸರಿಗೆ ಬ್ಯಾರೆ ಇತ್ತೇನು?"

"ಯಕ್ಕಾ, ನಿಮಗಂತ ತಗದಿಟ್ಟಿದ್ದೆರಿ. ಎದ್ದು ಹೋಗಬ್ಯಾಡ್ರಿ. ನಿಮ್ಮ ಕಾಲು ಹಿಡೀತೀನಿ."

"ನಾ ಎಲ್ಲಿ ಎದ್ದೆ?" ಪರಸವ್ವ ತುತ್ತು ಬಾಯಿಗಿಟ್ಟು ನುಂಗಿದಳು. "ಎಡಗಡೆ ದವಡಿ ಹಲ್ಲೆಲ್ಲ ಬಿದ್ದಾವ. ಜವಾರಿ ಕೋಳಿ ಆದಾಗೆಲ್ಲ ನಾ ಸಾರ ಅಷ್ಟ ಕುಡೀತೀನಿ. ಇನ್ನೆರಡು ತುಂಡು ಹಾಕು."

ಹನಮವ್ವ ಹಾಕಿದಳು. ಕಣ್ಣಲ್ಲಿ ನೀರು ಬಂತು. ಪರಸವ್ವ ತಲೆ ಬಗ್ಗಿಸಿ, ನಿಧಾನಕ್ಕೆ, ರುಚಿ ನೋಡುತ್ತಾ ಉಂಡಳು. ಕೊನೆಗೆ ಎಲುಬುಗಳನ್ನು ಎಲೆಯ ಮೂಲೆಗೆ ಸರಿಸಿ, ಅವುಗಳ ಮೇಲೆ ರೊಟ್ಟಿಯ ಚೂರು ಮುಚ್ಚಿದಳು.

"ನಿನ್ನ ಮಗಳಿಗೆ ಗೊತ್ತದೇನು, ಇದು?"

"ಇಲ್ರಿ ಯಕ್ಕಾ. ಆಕಿಗೇನೂ ಗೊತ್ತಿಲ್ಲ."

"ಹೇಳು. ಗೊತ್ತಿರಲಿ." ಪರಸವ್ವ ಮುಖವೆತ್ತಿದಳು. ಅದರಲ್ಲಿ ಸಿಟ್ಟಿರಲಿಲ್ಲ. "ನಾ ಅವರಿಗೆ ಏನೂ ಹೇಳೂದಿಲ್ಲ. ಹಿರೀ ಸೊಸಿ ನಾಕು ಮಾತು ತಿರುಗಿ ಆಡ್ತಿದ್ಲು. ನಿನ್ನ ಮಗಳು ಆಡೂದಿಲ್ಲ."

ಹನಮವ್ವ ರೊಟ್ಟಿಯ ಚೂರಿನಡಿಯ ಎಲುಬುಗಳನ್ನು ನೋಡಿದಳು. ಆವತ್ತು, ಹಿರಿಯ ಸೊಸೆಯ ಬೀಗರೂಟದಲ್ಲಿ, ಜಗಲಿಯ ಮೇಲಿನ ಗಂಡಸರಿಗೆ ಗೊತ್ತಾದದ್ದು ಹೇಗೆ? ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಪರಸವ್ವನ ಬಾಯಿಂದಲೇ ಬಂದೀತೆಂದು ಹೆದರಿದಳು.

"ಚಂದ್ರಾ," ಎಂದು ಪರಸವ್ವ ದನಿಯೆತ್ತಿ ಕರೆದಳು.

ಪಂಕ್ತಿಯ ತುದಿಯಲ್ಲಿ ಚಂದ್ರಾ ಆಗಷ್ಟೇ ಕೂತು ರೊಟ್ಟಿಗೆ ಕೈ ಹಾಕಿದ್ದಳು. ಹನಮವ್ವ ನೋಡುತ್ತಿದ್ದಂತೆ ಅವಳು ತುತ್ತನ್ನು ಎಲೆಯಲ್ಲೇ ಬಿಟ್ಟು ಎದ್ದು ಬಂದಳು.

"ಕೈಗೆ ನೀರು ಹಾಕು," ಎಂದಳು ಅತ್ತೆ.